ಇಸ್ಕೂಲು ಅಂದರೆ ನಗುವವರು ಬಸ್ಸು ಅನ್ನುವುದಿಲ್ಲವೇ?

ಕೆಲವು ತಿಂಗಳ ಹಿಂದೆ ತುರ್ವಿಹಾಳ ಸಮೀಪದ ಒಂದು ಊರಿಗೆ ಕುಡಿಯುವ ನೀರಿನ ಸುದ್ದಿ ಮಾಡಲು ಹೋಗಿದ್ದೆವು. ಗುಡಿ ಮುಂದಿನ ಕಟ್ಟೆಯ ಮೇಲೆ ಸಭೆ. ಒಬ್ಬ ಅಧಿಕಾರಿ ಬಂದಿದ್ದರು. ಹಿರಿಯರೆಲ್ಲ ಮಾತಾಡಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಇಸ್ಕೂಲಿನ್ಯಾಗ ನಳ ಬಂದು ತಿಂಗಳಾತ್ರಿ ಸರ" ಅಂದಳು.

ಅಧಿಕಾರಿ ನಕ್ಕರು. "ಇಸ್ಕೂಲ್ ಅಲ್ಲಮ್ಮ, ಮೊದಲು ಸ್ಕೂಲ್ ಅನ್ನೋದು ಕಲಿ" ಅಂದರು. ಕಟ್ಟೆಯ ಮೇಲೆ ಕುಂತವರೆಲ್ಲ ನಕ್ಕರು. ನಾವೂ ನಕ್ಕೆವು. ಹುಡುಗಿ ಕುಂತುಬಿಟ್ಟಳು. ನಳದ ಮಾತು ಅಲ್ಲಿಗೇ ನಿಂತಿತು. ಸಭೆ ಮುಗಿದ ಮೇಲೆ ಟಿಪ್ಪಣಿ ಪುಸ್ತಕ ತೆಗೆದು ನೋಡಿದರೆ ಶಾಲೆಯ ನೀರಿನ ಬಗ್ಗೆ ನಾವು ಒಂದು ಸಾಲೂ ಬರೆದುಕೊಂಡಿರಲಿಲ್ಲ. ನಗುವುದರಲ್ಲಿ ಬರೆಯುವುದೇ ಮರೆತಿತ್ತು.

ಬೈಕ್ ಮೇಲೆ ವಾಪಸ್ ಬರುವಾಗ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಕಡೆ ಮನೆಯಲ್ಲಿ ಯಾರೂ ಇಸ್ಕೂಲು ಅನ್ನುವುದಿಲ್ಲ, ಸಾಲಿ ಅನ್ನುತ್ತೇವೆ. "ಸಾಲಿಗೆ ಹೋದ", "ಸಾಲಿ ಬಿಡ್ತು" ಅನ್ನುವುದೇ ರೂಢಿ. ಆ ಹುಡುಗಿಯೂ ಸಾಲಿ ಅಂದಿದ್ದರೆ ಯಾರೂ ನಗುತ್ತಿರಲಿಲ್ಲ. ಎದುರಿಗೆ ಕುಂತವರು ಪ್ಯಾಟಿಯ ಸಾಹೇಬರು, ಅವರ ಮಾತಿನಲ್ಲೇ ಹೇಳೋಣ ಅಂತ ಆಕೆ ಮರ್ಯಾದೆಗೆ ಇಂಗ್ಲಿಷ್ ಪದ ತಂದಳು. ಆ ಮರ್ಯಾದೆಗೇ ಏಟು ಬಿತ್ತು.

ಅಂದು ನಕ್ಕಿದ್ದು ತಪ್ಪು ಎಂದು ಒಪ್ಪಿಕೊಂಡು ಇದನ್ನು ಬರೆಯುತ್ತಿದ್ದೇವೆ. ಇಸ್ಕೂಲು ಅನ್ನುವುದು ಸೋಮಾರಿ ನಾಲಿಗೆಯ ಮಾತೂ ಅಲ್ಲ, ಓದು ಬಾರದವರ ಮಾತೂ ಅಲ್ಲ. ಅದಕ್ಕೆ ಪಕ್ಕಾ ನಿಯಮ ಇದೆ. ಆ ನಿಯಮವನ್ನು ಕನ್ನಡ ಮಾತಾಡುವ ಎಲ್ಲರೂ, ಆ ಅಧಿಕಾರಿಯೂ ನಾವೂ ಸೇರಿ, ದಿನಾ ಪಾಲಿಸುತ್ತೇವೆ. ಆದರೆ ಕೆಲವರು ಪಾಲಿಸಿದಾಗ ಮಾತ್ರ ನಗು ಬರುತ್ತದೆ.

ನಿಯಮ ಏನು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಮಸ್ಕಿ ಸಾಕು. ಮಸ್ಕಿ ಅಂತ ಗಟ್ಟಿಯಾಗಿ ಹೇಳಿ, ಚಪ್ಪಾಳೆ ತಟ್ಟುತ್ತಾ ಹೇಳಿ. ಎರಡು ಚಪ್ಪಾಳೆ ಬೀಳುತ್ತವೆ: ಮಸ್, ಕಿ. ಬರೆಯುವಾಗ ಸ್ಕಿ ಒಂದೇ ಅಕ್ಷರ, ಸ ಕೆಳಗೆ ಕ ಒತ್ತು. ಹೇಳುವಾಗ ಮಾತ್ರ ಅದು ಸೀಳಿಹೋಗುತ್ತದೆ. ಸ್ ಮೊದಲ ತುಣುಕಿನ ಬಾಲಕ್ಕೆ ಅಂಟಿಕೊಳ್ಳುತ್ತದೆ, ಕಿ ಎರಡನೇ ತುಣುಕಿನ ತಲೆಯಾಗುತ್ತದೆ. ಅದಕ್ಕೇ ಮಸ್ಕಿ ಅನ್ನಲು ಯಾರಿಗೂ ತ್ರಾಸವಿಲ್ಲ. ಸಣ್ಣ ಮಕ್ಕಳೂ ಅನ್ನುತ್ತಾರೆ. ಪುಸ್ತಕ, ರಸ್ತೆ, ಬಸ್ತಿ ಎಲ್ಲವೂ ಹೀಗೇ.

ಈಗ ಸ್ಕೂಲ್ ಅನ್ನಿ. ಇಲ್ಲಿ ಸ್ ಅಂಟಿಕೊಳ್ಳಲು ಮುಂದೆ ಮ ಇಲ್ಲ. ಪದವೇ ಸ್ ಇಂದ ಶುರು. ಕನ್ನಡದ್ದೇ ಆದ ಪದಗಳನ್ನು ನೋಡಿ: ಮನೆ, ನೀರು, ಹೊಲ, ಎತ್ತು, ಕಾಳು, ಮಳೆ. ಒಂದೂ ಎರಡು ವ್ಯಂಜನ ಜೋಡಿಸಿಕೊಂಡು ಶುರುವಾಗುವುದಿಲ್ಲ. ತಮಿಳು, ತೆಲುಗಿನ ದೇಸಿ ಪದಗಳ ಮೂಲ ಕಟ್ಟೂ ಹೀಗೆಯೇ. ಒತ್ತಕ್ಷರದಿಂದ ಶುರುವಾಗುವ ನಮ್ಮ ಪದಗಳೆಲ್ಲ ಹೆಚ್ಚಾಗಿ ಸಂಸ್ಕೃತದಿಂದ ಬಂದವು, ಇಲ್ಲವೇ ಇಂಗ್ಲಿಷಿನಿಂದ ಬಂದವು. ಹಾಗಾಗಿ ಅನಾಥವಾಗಿ ನಿಂತ ಸ್‌ಗೆ ನಾಲಿಗೆ ಒಂದು ಆಸರೆ ಕೊಡುತ್ತದೆ. ಮುಂದೆ ಒಂದು ಇ ಇಡುತ್ತದೆ. ಇಸ್, ಕೂಲು. ಈಗ ಮತ್ತೆ ಚಪ್ಪಾಳೆ ತಟ್ಟಿ ನೋಡಿ. ಮಸ್-ಕಿ ಹೇಗೋ ಇಸ್-ಕೂಲು ಹಾಗೇ. ಆ ಹುಡುಗಿ ಮಾಡಿದ್ದು ಇಷ್ಟೇ: ಹೊರಗಿನ ಪದವನ್ನು ನಮ್ಮೂರಿನ ಪದದ ಅಳತೆಗೆ ಹೊಲಿದಳು.

ಇದು ನಿಯಮ ಅನ್ನಲು ಇನ್ನೊಂದು ಗುರುತು ಇದೆ. ಸುಮ್ಮನೆ ತಪ್ಪಿ ಆಡಿದ ಮಾತಾಗಿದ್ದರೆ ಸ್ವರ ಎಲ್ಲಿ ಬೇಕಾದರೂ ಬೀಳಬೇಕಿತ್ತು. ಹಾಗೆ ಬೀಳುವುದಿಲ್ಲ. ಹಳ್ಳಿಯ ಹಿರಿಯರ ಬಾಯಲ್ಲಿ ಕೇಳಿ. ಸ್ಕೂಲ್ ಇಸ್ಕೂಲು ಆಗುತ್ತದೆ, ಸ್ಟೇಷನ್ ಇಸ್ಟೇಷನ್ ಆಗುತ್ತದೆ, ಸ್ಟೌ ಇಸ್ಟೋ ಆಗುತ್ತದೆ, ಸ್ಪೆಷಲ್ ಇಸ್ಪೆಷಲ್ ಆಗುತ್ತದೆ. ಇಲ್ಲೆಲ್ಲ ಸ್ವರ ಮುಂದೆ ಬಂತು. ಆದರೆ ಗ್ಲಾಸು ಇಗ್ಲಾಸು ಆಗುವುದಿಲ್ಲ, ಗಿಲಾಸು ಆಗುತ್ತದೆ. ಪ್ಲೇಟು ಪಿಲೇಟು, ಪ್ರೀತಿ ಪಿರೀತಿ. ಇಲ್ಲಿ ಸ್ವರ ನಡುವೆ ನುಗ್ಗಿತು. ಇನ್ನೂ ಸೋಜಿಗದ್ದು ಸ್ಲೇಟು. ಅದೂ ಸ್ ಇಂದಲೇ ಶುರುವಾದರೂ ಇಸ್ಲೇಟು ಆಗದೆ ಸಿಲೇಟು ಆಗುತ್ತದೆ. ಯಾವ ಅಜ್ಜನಿಗೂ ಯಾವ ಅಜ್ಜಿಗೂ ಇದನ್ನು ಯಾರೂ ಪಾಠ ಹೇಳಿಲ್ಲ. ಆದರೂ ಸ್ಟೌಗೆ ಒಂದು ದಾರಿ, ಸ್ಲೇಟಿಗೆ ಇನ್ನೊಂದು ದಾರಿ ಅಂತ ಅವರ ನಾಲಿಗೆಗೆ ಗೊತ್ತು.

ಕಾರಣ ಕಿವಿಯಲ್ಲಿದೆ. ಗ್ಲಾ ಅನ್ನುವಾಗ ಗ್ ಬಿಡುವುದಕ್ಕೂ ಲ ಹಿಡಿಯುವುದಕ್ಕೂ ನಡುವೆ ಗಂಟಲಿನ ದನಿ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಅಲ್ಲಿ ಮೊದಲೇ ಅರ್ಧ ಸ್ವರ ಇದ್ದ ಹಾಗೆ ಕೇಳುತ್ತದೆ. ಅಲ್ಲೊಂದು ಇ ಸೇರಿಸಿದರೆ ಪದದ ರೂಪ ಅಷ್ಟೇನೂ ಕೆಡುವುದಿಲ್ಲ. ಸ್ಲೇಟಿನ ಸ್ ಮತ್ತು ಲ ನಡುವೆಯೂ ಹಾಗೇ, ಯಾಕೆಂದರೆ ಲ ಅನ್ನುವುದು ಸ್ವರಕ್ಕೆ ಹತ್ತಿರದ ದನಿ. ಸ್ಟ, ಸ್ಕ, ಸ್ಪ ಹಾಗಲ್ಲ. ಬುಸ್ ಅನ್ನುವ ಗಾಳಿ ಬರುತ್ತದೆ, ತಕ್ಷಣ ಬಾಗಿಲು ಹಾಕಿದಂತೆ ಟ ಬಂದು ಅದನ್ನು ಮುಚ್ಚುತ್ತದೆ. ನಡುವೆ ದನಿಗೆ ಸಂದಿಯೇ ಇಲ್ಲ. ಅಲ್ಲಿ ಸ್ವರ ತುರುಕಿ ಸಿಟೇಷನ್ ಅಂದರೆ ಕೇಳಿದವರಿಗೆ ಬೇರೆಯೇ ಪದ ಅನ್ನಿಸುತ್ತದೆ. ಮುಂದೆ ಇಟ್ಟರೆ ಸ್ಟ ಜೋಡಿ ಹಾಗೇ ಉಳಿಯುತ್ತದೆ. ಒಟ್ಟಿನಲ್ಲಿ ನಾಲಿಗೆ ಆರಿಸುವುದು ಮೂಲ ಪದಕ್ಕೆ ಅತಿ ಕಡಿಮೆ ಪೆಟ್ಟು ಬೀಳುವ ಜಾಗವನ್ನು. ಎಲ್ಲ ಭಾಷೆಗಳೂ ಒಂದೇ ಜಾಗ ಆರಿಸುತ್ತವೆ ಅಂತಲ್ಲ. ಪಂಜಾಬಿನವರು ಸ್ಕೂಲನ್ನು ಸಕೂಲ್ ಅನ್ನುತ್ತಾರೆ. ಉತ್ತರ ಪ್ರದೇಶ, ಬಿಹಾರದ ಹಿಂದಿಯವರು ನಮ್ಮ ಹಾಗೆ ಇಸ್ಕೂಲ್ ಅನ್ನುತ್ತಾರೆ. ನಮ್ಮ ಊರುಗಳ ದಖನಿ ಉರ್ದುವಿನಲ್ಲೂ ಇಸ್ಕೂಲೇ.

ಇನ್ನು ನಗುವವರ ಕಡೆಗೆ ಬರೋಣ. ಬಸ್ಸು ಅನ್ನುವ ಪದ ನೋಡಿ. ಇಂಗ್ಲಿಷಿನಲ್ಲಿ ಅದು ಬಸ್, ಕೊನೆಗೆ ಉ ಇಲ್ಲ. ಕಾರ್, ಪೆನ್, ಬುಕ್, ರೈಲ್ ಯಾವುದಕ್ಕೂ ಇಲ್ಲ. ಕನ್ನಡದ ನಾಲಿಗೆಗೆ ಪದ ವ್ಯಂಜನದಲ್ಲಿ ನಿಂತರೆ ಸಮಾಧಾನವಿಲ್ಲ, ಅದಕ್ಕೆ ಕೊನೆಗೊಂದು ಉ ಹಚ್ಚುತ್ತೇವೆ. ಬಸ್ಸು, ಕಾರು, ಪೆನ್ನು, ಬುಕ್ಕು. ಇದು ಇಸ್ಕೂಲಿನ ಸೋದರನೇ. ಒಂದು ಕಡೆ ಇ ತಲೆಗೆ ಬಂತು, ಇನ್ನೊಂದು ಕಡೆ ಉ ಬಾಲಕ್ಕೆ ಬಂತು. ಒಂದು ಪಠ್ಯಪುಸ್ತಕದಲ್ಲಿದೆ, ವಿಧಾನಸೌಧದ ಕಡತದಲ್ಲಿದೆ. ಇನ್ನೊಂದು ಹಾಸ್ಯ ನಟರ ಬಾಯಲ್ಲಿದೆ. ನಾಲಿಗೆ ಮಾಡಿದ ಕೆಲಸ ಎರಡೂ ಕಡೆ ಒಂದೇ, ಆಡಿದವರು ಯಾರು ಅನ್ನುವುದರಲ್ಲಷ್ಟೇ ಫರಕು.

ಪತ್ರಕರ್ತರಾದ ನಾವಂತೂ ನಗುವ ಹಾಗೇ ಇಲ್ಲ. ವಾರಕ್ಕೊಮ್ಮೆ "ಇಸ್ಪೀಟು ಅಡ್ಡೆ ಮೇಲೆ ದಾಳಿ" ಅಂತ ಸುದ್ದಿ ಕಳಿಸುತ್ತೇವೆ. ಆ ಇಸ್ಪೀಟಿನ ಮುಂದೆ ಕುಂತ ಇ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ಎಲೆಯ ಹೆಸರು ಸ್ಪೇಡ್. ಪೋರ್ಚುಗೀಸಿನಲ್ಲಿ ಎಸ್ಪಾದ, ಅದೂ ಲ್ಯಾಟಿನ್ನಿನ ಸ್ಪಾಥಾ ಅನ್ನುವ ಪದಕ್ಕೆ ಮುಂದೆ ಎ ಹಚ್ಚಿ ಆದದ್ದು. ಪದ ಯಾವ ದಾರಿಯಿಂದ ನಮ್ಮಲ್ಲಿಗೆ ಬಂದಿದ್ದರೂ ನಡುವೆ ಯಾರೋ ಒಬ್ಬರು ಮುಂದೆ ಸ್ವರ ಇಟ್ಟಿದ್ದಾರೆ. ಇಂದು ಯಾವ ಸಂಪಾದಕರೂ ಅದನ್ನು ಸ್ಪೀಟು ಅಂತ ತಿದ್ದುವುದಿಲ್ಲ.

ಪೋರ್ಚುಗೀಸರ ಮಾತು ಬಂತಲ್ಲ, ಅವರು ಶಾಲೆಗೆ ಅನ್ನುವುದು ಎಸ್ಕೋಲ. ಸ್ಪೇನಿನವರು ಎಸ್ಕುವೆಲ. ಎರಡೂ ಲ್ಯಾಟಿನ್ನಿನ ಸ್ಕೋಲಾ ಇಂದ ಬಂದವು. ತುರ್ಕಿಯವರು ಸ್ಟೇಷನ್ನಿಗೆ ಇಸ್ತಾಸ್ಯೋನ್ ಅನ್ನುತ್ತಾರೆ. ಇಂಗ್ಲಿಷಿನಲ್ಲೇ ಸ್ಟೇಟ್ ಮತ್ತು ಎಸ್ಟೇಟ್ ಅಂತ ಎರಡು ಪದಗಳಿವೆ. ಎರಡಕ್ಕೂ ಬೇರು ಒಂದೇ ಲ್ಯಾಟಿನ್ ಪದ. ಎಸ್ಟೇಟ್ ಅನ್ನುವುದು ಹಳೆಯ ಫ್ರೆಂಚರ ಬಾಯಲ್ಲಿ ಮುಂದೆ ಎ ಹಚ್ಚಿಕೊಂಡು ಇಂಗ್ಲೆಂಡಿಗೆ ಹೋದ ರೂಪ. ಚಿಕ್ಕಮಗಳೂರಿನ ಕಾಫಿ ಎಸ್ಟೇಟ್ ಅನ್ನುವಾಗ ಯಾರೂ ನಗುವುದಿಲ್ಲ. ಅದು ಫ್ರಾನ್ಸಿನ ಇಸ್ಕೂಲು ಅಂತ ನಮಗೆ ಗೊತ್ತಿಲ್ಲ, ಅಷ್ಟೇ.

ನಮ್ಮ ಕನ್ನಡದೊಳಗೂ ಇದು ಹೊಸದಲ್ಲ. ವರ್ಷ ವರುಷವಾಯಿತು, ಹರ್ಷ ಹರುಷವಾಯಿತು, ಶ್ರೀ ಸಿರಿಯಾಯಿತು, ಭಕ್ತಿ ಬಕುತಿಯಾಯಿತು. ಪ್ರಾಣ ಅನ್ನುವುದು ನಡುವೆ ಸ್ವರ ಸೇರಿ, ಪ ಹ ಆಗಿ, ಹರಣವಾಯಿತು. ಇವನ್ನೆಲ್ಲ ಹೈಸ್ಕೂಲಿನಲ್ಲಿ ತತ್ಸಮ ತದ್ಭವ ಅಂತ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡಿದ್ದೇವೆ. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದಗಳು ಕನ್ನಡದಲ್ಲಿ ಹೇಗೆ ರೂಪ ಬದಲಿಸುತ್ತವೆ ಅನ್ನುವುದಕ್ಕೆ ಅಪಭ್ರಂಶ ಪ್ರಕರಣ ಅಂತ ಒಂದು ಭಾಗವನ್ನೇ ಇಟ್ಟ. ಸಿರಿ ಅಂದರೆ ಕಾವ್ಯ, ಗಿಲಾಸು ಅಂದರೆ ಹಳ್ಳಿಗಾಡು ಅನ್ನುವುದು ಯಾವ ನ್ಯಾಯ? ಎರಡರಲ್ಲೂ ಒತ್ತಕ್ಷರ ಬಿಡಿಸಿ ನಡುವೆ ಇ ಇಟ್ಟಿದ್ದೇವೆ.

ಒತ್ತಕ್ಷರವನ್ನು ಹಗುರ ಮಾಡುವುದು ರಾಜರ ಬಾಯಲ್ಲೂ ಇತ್ತು ಅನ್ನಲು ಮಸ್ಕಿಯ ಬಂಡೆಯೇ ಸಾಕ್ಷಿ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಲ್ಲಿ ಅಶೋಕನ ಶಾಸನ ಕಂಡರು. ಅದರಲ್ಲಿ ಅಶೋಕನ ಹೆಸರು ನೇರವಾಗಿ ಇದೆ ಅನ್ನುವುದು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಆ ಹೆಸರಿನ ಹಿಂದಿನ ಬಿರುದನ್ನು ಗಮನಿಸಿ. ಸಂಸ್ಕೃತದಲ್ಲಿ ದೇವಾನಾಂಪ್ರಿಯ. ಬಂಡೆಯ ಮೇಲೆ ಇರುವುದು ದೇವಾನಂಪಿಯ. ಪ್ರಿ ಇಲ್ಲ, ಪಿ ಇದೆ. ಇಲ್ಲಿ ಸ್ವರ ಸೇರಿಸುವ ಬದಲು ರ ಕಾರವನ್ನೇ ಬಿಟ್ಟಿದ್ದಾರೆ. ಸ್ವಾಮಿಯನ್ನು ಸಾಮಿ, ಸ್ವಲ್ಪವನ್ನು ಸಲ್ಪ ಅನ್ನುವಾಗ ನಾವು ಮಾಡುವುದೂ ಅದನ್ನೇ. ಒತ್ತಕ್ಷರ ಎದುರಾದಾಗ ನಾಲಿಗೆಗೆ ಎರಡು ದಾರಿ: ಒಂದನ್ನು ಬಿಡು, ಇಲ್ಲವೇ ಒಂದು ಸ್ವರ ಸೇರಿಸು. ಚಕ್ರವರ್ತಿಯ ಲಿಪಿಕಾರ ಒಂದು ದಾರಿ ಹಿಡಿದ, ನಮ್ಮ ಹುಡುಗಿ ಇನ್ನೊಂದು ದಾರಿ ಹಿಡಿದಳು.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. "ಹಂಗಾದ್ರ ಹುಡುಗ್ರು ಇಸ್ಕೂಲು ಅಂತಾನೇ ಇರ್ಲಿ ಅಂತೀರೇನು? ನಾಳೆ ಬೆಂಗಳೂರಿಗೆ ಸಂದರ್ಶನಕ್ಕ ಹೋದಾಗ?" ನಮ್ಮ ಉತ್ತರ, ಇಲ್ಲ. ಸ್ಕೂಲ್ ಅನ್ನುವುದನ್ನು ಮಕ್ಕಳು ಕಲಿಯಬೇಕು. ಎರಡು ರೂಪಗಳೂ ಅವರ ಕೈಯಲ್ಲಿರಬೇಕು, ಎಲ್ಲಿ ಯಾವುದು ಅಂತ ಅವರೇ ಆರಿಸಬೇಕು. ಆದರೆ ಕಲಿಸುವವರು ನಗುತ್ತಾರೆ, ಇಲ್ಲವೇ ನಿಲ್ಲಿಸಿ ನೂರು ಸಲ ಹೇಳಿಸುತ್ತಾರೆ. ಎರಡರಿಂದಲೂ ಕೆಲಸ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದನ್ನು ನಮ್ಮ ಮನೆಯಲ್ಲೇ ನೋಡಿದೆವು.

ನಮ್ಮ ಅಣ್ಣನ ಮಗಳು ಐದನೇ ತರಗತಿ. ಶಾಲೆಯಲ್ಲಿ ಇಸ್ಟಾರ್ ಅಂದದ್ದಕ್ಕೆ ಎಲ್ಲರ ಮುಂದೆ ನಿಲ್ಲಿಸಿ ಹೇಳಿಸಿದ್ದರು. ಮನೆಗೆ ಬಂದು "ನಾನು ಸರಿಯಾಗೇ ಅಂದೀನಿ ಕಾಕಾ, ಇಸ್ಟಾರ್ ಅಂತಾನೇ ಅಂದೀನಿ" ಅಂತ ಅತ್ತಳು. ಆ ಮಾತಿನಲ್ಲೇ ಕಾರಣ ಇತ್ತು. ಆಕೆಗೆ ಎರಡರ ವ್ಯತ್ಯಾಸ ಕೇಳಿಸಿಯೇ ಇರಲಿಲ್ಲ. ಇದು ಆಕೆಯೊಬ್ಬಳ ಕಥೆಯಲ್ಲ. 1999ರಲ್ಲಿ ಫ್ರಾನ್ಸಿನ ಎಮಾನ್ಯುಯೆಲ್ ಡುಪೂ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಎಬ್ಜೊ, ಎಬುಜೊ ಅನ್ನುವಂಥ ಅರ್ಥವಿಲ್ಲದ ಪದಗಳನ್ನು ಜಪಾನಿನವರಿಗೂ ಫ್ರೆಂಚರಿಗೂ ಕೇಳಿಸಿದರು. ಜಪಾನಿ ಭಾಷೆಯಲ್ಲಿ ಬ್ಜ ಅನ್ನುವ ಜೋಡಿ ಇಲ್ಲ. ನಡುವೆ ಉ ಇಲ್ಲದಿದ್ದರೂ ಜಪಾನಿನವರಿಗೆ ಉ ಕೇಳಿಸಿತು. ಫ್ರೆಂಚರಿಗೆ ಕೇಳಿಸಲಿಲ್ಲ. ಅಂದರೆ ಸ್ವರ ಸೇರಿಸುವುದು ಬಾಯಿ ಮಾತ್ರವಲ್ಲ, ಕಿವಿಯೂ ಸೇರಿಸುತ್ತದೆ. ಕಿವಿಗೇ ಬೀಳದ ವ್ಯತ್ಯಾಸವನ್ನು ಬಾಯಲ್ಲಿ ನೂರು ಸಲ ಹೇಳಿಸಿದರೆ ನೂರು ಸಲವೂ ಇಸ್ಟಾರೇ ಬರುತ್ತದೆ.

ಹಾಗಾಗಿ ಮೊದಲು ಕಿವಿಯಿಂದ ಶುರು ಮಾಡಿದೆವು. ನಾವು ಸ್ಟಾರ್, ಇಸ್ಟಾರ್ ಅಂತ ಅದಲು ಬದಲು ಹೇಳುವುದು, ಎರಡೂ ಒಂದೇನಾ ಬೇರೆನಾ ಅಂತ ಆಕೆ ಹೇಳುವುದು. ಮೊದಲ ದಿನ ಅಂದಾಜಿನ ಮೇಲೆ ಹೇಳುತ್ತಿದ್ದಳು. ಆಮೇಲೆ ಗಂಟಲಿನ ಮೇಲೆ ಬೆರಳು ಇಡಿಸಿದೆವು. ಇದು ಯಾರು ಬೇಕಾದರೂ ಈಗಲೇ ಮಾಡಿ ನೋಡಬಹುದು. ಇ ಅನ್ನಿ, ಗಂಟಲು ಗುಂಯ್ ಅನ್ನುತ್ತದೆ. ಸ್ಸ್ಸ್ ಅಂತ ಹಾವಿನ ಹಾಗೆ ಅನ್ನಿ, ಗಂಟಲು ಸುಮ್ಮನಿರುತ್ತದೆ. ಸ್ಟಾರ್ ಅನ್ನುವಾಗ ಶುರುವಿನಲ್ಲೇ ಬೆರಳಿಗೆ ಗುಂಯ್ ತಗುಲಿದರೆ ಇ ಬಂದಿದೆ ಅಂತ ಅರ್ಥ. ಬೆರಳು ತಣ್ಣಗಿದ್ದು, ಟಾ ಬಂದಾಗ ಮಾತ್ರ ಗುಂಯ್ ಅಂದರೆ ಇ ಬಂದಿಲ್ಲ. ಆಕೆಗೆ ಇದು ಆಟವಾಯಿತು. ತನ್ನ ತಪ್ಪನ್ನು ತಾನೇ ಹಿಡಿಯತೊಡಗಿದಳು, ಬೇರೆಯವರು ನಗುವ ಅಗತ್ಯ ಬೀಳಲಿಲ್ಲ.

ಮುಂದಿನ ಹೆಜ್ಜೆಗೆ ಮತ್ತೆ ಮಸ್ಕಿ ಬಂತು. ಸ್‌ಗೆ ಆಸರೆ ಬೇಕು ತಾನೇ, ಹಿಂದಿನ ಪದದ್ದೇ ಆಸರೆ ಕೊಟ್ಟರೆ ಇ ಬೇಕಾಗುವುದಿಲ್ಲ. "ನಮ್ಮ ಸ್ಕೂಲು" ಅಂತ ಬಿಡದೆ ಹೇಳಿಸಿದೆವು. ನಮ್ಮಸ್, ಕೂಲು. ಇ ತಾನಾಗಿಯೇ ಬರಲಿಲ್ಲ. ಬಸ್ ಸ್ಟ್ಯಾಂಡನ್ನು ಎಲ್ಲರೂ ಬಸ್ಟ್ಯಾಂಡ್ ಅನ್ನುತ್ತೇವೆ, ಬಸ್ ಇಸ್ಟ್ಯಾಂಡ್ ಅನ್ನುವವರು ಕಡಿಮೆ. ಕಾರಣ ಇದೇ, ಮುಂದೆ ಬ ಇದೆ. ನಮ್ಮ ಸ್ಕೂಲು ಸರಾಗವಾದ ಮೇಲೆ "ನಮ್ಮ" ಅನ್ನುವುದನ್ನು ಪಿಸುಮಾತಿನಲ್ಲಿ, ಸ್ಕೂಲನ್ನು ಗಟ್ಟಿಯಾಗಿ. ಕೊನೆಗೆ "ನಮ್ಮ" ಮನಸ್ಸಿನಲ್ಲಿ ಮಾತ್ರ. ದಿನಕ್ಕೆ ಐದು ನಿಮಿಷ, ಎರಡು ವಾರ ಹಿಡಿಯಿತು.

ಗಿಲಾಸಿಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಸ್ವರ ನಡುವೆ ಇದೆ. ಅದಕ್ಕೆ ಬೇರೆ ಮಾಡಬೇಕು. ಲ ಅನ್ನಲು ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಹೋಗಿ ತಾಗುತ್ತದೆ. ಗ ಅನ್ನುವ ಮೊದಲೇ ತುದಿಯನ್ನು ಅಲ್ಲಿ ಇಟ್ಟುಕೊಂಡು, ಆಮೇಲೆ ಗ್ಲಾ ಅನ್ನಬೇಕು. ನಾಲಿಗೆ ಮೊದಲೇ ಲ ಜಾಗದಲ್ಲಿ ಇರುವುದರಿಂದ ನಡುವೆ ಇ ನುಗ್ಗಲು ಹೊತ್ತೇ ಸಿಗುವುದಿಲ್ಲ. ಪ್ಲೇಟಿಗೂ ಹೀಗೇ, ತುಟಿ ಮುಚ್ಚಿಕೊಂಡೇ ನಾಲಿಗೆ ತುದಿಯನ್ನು ಲ ಜಾಗಕ್ಕೆ ಕಳಿಸಬೇಕು.

ಒಂದು ಎಚ್ಚರಿಕೆ ಇದೆ. ಅತಿಯಾಗಿ ತಿದ್ದಿದರೆ ಮಕ್ಕಳು ಇರಬೇಕಾದ ಸ್ವರವನ್ನೂ ಹೆದರಿ ಬಿಡುತ್ತಾರೆ. ನಮ್ಮ ಹುಡುಗಿಯೂ ನಡುವೆ ಒಂದು ವಾರ ಎಸ್ಟೇಟನ್ನು ಸ್ಟೇಟ್ ಅಂದಳು, ಎಸ್ಟಿಮೇಟನ್ನು ಸ್ಟಿಮೇಟ್ ಅಂದಳು. ಮಗು ಹೀಗೆ ಅನ್ನತೊಡಗಿದರೆ ನಿಯಮ ಕಲಿತಿಲ್ಲ, ಭಯ ಕಲಿತಿದೆ ಅಂತ ತಿಳಿಯಬೇಕು. ಸ್ವಲ್ಪ ದಿನ ತಿದ್ದುವುದನ್ನು ಬಿಡಬೇಕು.

ಇಷ್ಟೆಲ್ಲ ಉಚ್ಚಾರದ ಮಾತಾಯಿತು. ಆದರೆ ಈ ಸಣ್ಣ ಸ್ವರ ಹಳ್ಳಿಯವರ ಜೇಬಿಗೆ ಕೈ ಹಾಕುವ ಜಾಗ ಒಂದಿದೆ, ಅದು ಹೆಸರು. ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಪ್ರತಿ ಊರಿನಲ್ಲೂ ಇರುವ ಹೆಸರನ್ನೇ ತೆಗೆದುಕೊಳ್ಳಿ, ದುರ್ಗಪ್ಪ. ಬಾಯಲ್ಲಿ ಅದು ದುರುಗಪ್ಪ. ರ್ ಮತ್ತು ಗ ನಡುವೆ ಒಂದು ಉ ಬಂದು ಕುಂತಿದೆ. ರ್ ಅನ್ನುವಾಗ ನಾಲಿಗೆ ಒಂದು ಸಲ ತಟ್ಟಿ ಬಿಡುತ್ತದೆ, ಬಿಟ್ಟಾಗ ಸಣ್ಣದೊಂದು ಸ್ವರದ ಚೂರು ಹೊರಬೀಳುತ್ತದೆ. ವೇದಗಳ ಉಚ್ಚಾರ ನಿಯಮ ಹೇಳುವ ಪ್ರಾತಿಶಾಖ್ಯಗಳಲ್ಲೇ ಈ ಚೂರಿಗೆ ಸ್ವರಭಕ್ತಿ ಅಂತ ಹೆಸರಿದೆ. ದುರುಗಮ್ಮನ ಗುಡಿ ಅನ್ನುವ ನಮ್ಮ ಅವ್ವಂದಿರು ಆ ಚೂರನ್ನು ಪೂರ್ತಿ ಉ ಮಾಡಿಕೊಂಡಿದ್ದಾರೆ.

ಗುಡಿಯಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ದೇವಿ ಎರಡಕ್ಕೂ ಓ ಅನ್ನುತ್ತಾಳೆ. ಕಂಪ್ಯೂಟರ್ ಅನ್ನುವುದಿಲ್ಲ. ಪಹಣಿ ಬರೆದವರು ಶುದ್ಧ ಕನ್ನಡ ಅಂತ ದುರ್ಗಪ್ಪ ಬರೆದರು. ಆಧಾರ್ ಮಾಡಿಸುವ ದಿನ ಕುಂತ ಹುಡುಗ ಕೇಳಿದ ಹಾಗೆ Durugappa ಅಂತ ಒತ್ತಿದ. ಬ್ಯಾಂಕಿನಲ್ಲಿ Durgappa ಆಯಿತು. ಮೂರೂ ಒಬ್ಬನದೇ ಹೆಸರು. ಬೆಳೆ ಪರಿಹಾರ ಬಂದಾಗ, ಸಾಲ ಕೇಳಿದಾಗ, ಹೊಲ ಮಕ್ಕಳ ಹೆಸರಿಗೆ ಮಾಡುವಾಗ ಹೆಸರು ಕೂಡುವುದಿಲ್ಲ ಅಂತ ಅರ್ಜಿ ವಾಪಸ್. ಆಮೇಲೆ ಛಾಪಾ ಕಾಗದ, ನೋಟರಿ, ಎರಡೂ ಒಬ್ಬನೇ ಅಂತ ಅಫಿಡವಿಟ್, ಬಸ್ ಚಾರ್ಜ್, ಒಂದೆರಡು ದಿನದ ಕೂಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಒಂದು ಉ ಕಾರಕ್ಕೆ ಒಂದು ಅವಕಾಶ ಹೋಗುತ್ತದೆ.

ಇದು ಉಲ್ಟಾ ಕೂಡ ಆಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾದ ಅಮರೇಶ್ವರನ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇದೆ. ಬಾಯಲ್ಲಿ ಅಮರೇಶ ಅಂಬ್ರೇಶ ಆಗುತ್ತಾನೆ. ಇಲ್ಲಿ ನಾಲಿಗೆ ಇದ್ದ ಅ ಕಾರವನ್ನು ನುಂಗಿ ಒತ್ತಕ್ಷರವನ್ನೇ ಹುಟ್ಟಿಸಿದೆ. ಹಳ್ಳಿಯವರ ನಾಲಿಗೆಗೆ ಒತ್ತಕ್ಷರ ಬರುವುದಿಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ? ನಮ್ಮ ಊರಿನ ಹೆಸರೇ ಪತ್ರಿಕೆಗಳಲ್ಲಿ ಒಮ್ಮೆ ತುರ್ವಿಹಾಳ, ಒಮ್ಮೆ ತುರುವಿಹಾಳ. ರ ಮತ್ತು ವ ನಡುವಿನ ಉ ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ. ನಾವೇ ಎರಡೂ ಬರೆದು ಕಳಿಸಿದ್ದೇವೆ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹೆಸರನ್ನು ಕಿವಿಯಿಂದ ಬರೆಯುವುದು ನಿಲ್ಲಬೇಕು. ಅರ್ಜಿ ತುಂಬುವವರು "ಹೆಸರೇನು" ಅಂತ ಕೇಳಿ ಒತ್ತುವ ಬದಲು ಹಳೆಯ ದಾಖಲೆ ಒಂದನ್ನು ಕೇಳಿ, ಅದರಲ್ಲಿ ಇದ್ದದ್ದನ್ನು ಅಕ್ಷರಕ್ಕೆ ಅಕ್ಷರ ಇಳಿಸಬೇಕು. ನೀವು ಅರ್ಜಿ ಹಾಕಲು ಹೋದರೆ ಪಹಣಿ ಇಲ್ಲವೇ ಶಾಲೆಯ ಟಿ.ಸಿ. ಜೊತೆಗೆ ಒಯ್ಯಿರಿ. ಒತ್ತುವ ಮೊದಲು ಪರದೆ ತಿರುಗಿಸಿ ತೋರಿಸಿ ಅನ್ನಿ. ರ, ಲ, ಸ ಇರುವ ಜಾಗದಲ್ಲಿ ಬೆರಳಿಟ್ಟು ನೋಡಿ, ಸ್ವರ ಸೇರುವುದೂ ಬಿಡುವುದೂ ಹೆಚ್ಚಾಗಿ ಅಲ್ಲೇ. ಮಗು ಹುಟ್ಟಿದಾಗ ಜನನ ಪತ್ರದಲ್ಲಿ ಯಾವ ರೂಪ ಬಿತ್ತೋ ಅದನ್ನೇ ಕೊನೆ ತನಕ ಹಿಡಿಯಿರಿ. ದುರುಗಪ್ಪ ಅಂತಲೇ ಬರೆಸಬೇಕು ಅಂತಿದ್ದರೆ ಧೈರ್ಯವಾಗಿ ಬರೆಸಿ, ಅದೇನು ಅಶುದ್ಧವಲ್ಲ. ಎಲ್ಲ ಕಡೆ ಒಂದೇ ಇರಲಿ, ಅಷ್ಟೇ.

ನಮ್ಮ ವೃತ್ತಿಯವರಿಗೂ ಒಂದು ಮಾತು. ಅಧಿಕಾರಿಯ ಹೇಳಿಕೆ ಬರೆಯುವಾಗ ಅವರ ತಡವರಿಕೆ, ಅರ್ಧ ಇಂಗ್ಲಿಷು ಎಲ್ಲ ತಿದ್ದಿ ನೀಟಾದ ಕನ್ನಡ ಮಾಡುತ್ತೇವೆ. ಹಳ್ಳಿಯ ಹೆಣ್ಣುಮಗಳ ಮಾತಾದರೆ ಮಾತ್ರ "ಇಸ್ಕೂಲು", "ಇಸ್ಪೆಷಲ್" ಅಂತ ಹಾಗೇ ಬಿಡುತ್ತೇವೆ, ಸೊಗಡು ಅನ್ನುತ್ತೇವೆ. ಓದುವವರು ಆಕೆಯ ದೂರನ್ನು ಬಿಟ್ಟು ಸೊಗಡಿಗೆ ನಗುತ್ತಾರೆ. ಇಬ್ಬರದನ್ನೂ ತಿದ್ದೋಣ, ಇಲ್ಲವೇ ಇಬ್ಬರದನ್ನೂ ಬಿಡೋಣ.

ಆ ಊರಿಗೆ ವಾರದ ಮೇಲೆ ಮತ್ತೆ ಹೋದೆವು. ಶಾಲೆಯ ನಳದ ಫೋಟೊ ತೆಗೆದೆವು, ಒಣಗಿತ್ತು. ಹುಡುಗಿಯನ್ನು ಮಾತಾಡಿಸಿದೆವು. "ಸಾಲಿಯಾಗ ನಳ ಬಂದಿಲ್ರಿ" ಅಂದಳು. ಈ ಸಲ ಇಸ್ಕೂಲು ಅನ್ನಲಿಲ್ಲ. ಸುದ್ದಿ ಬರೆದು ಕಳಿಸಿದೆವು. ಆದರೆ ಆಕೆ ಇನ್ನು ಸಾಹೇಬರ ಮುಂದೆ ಎದ್ದು ನಿಂತು ಮಾತಾಡುತ್ತಾಳೋ ಇಲ್ಲವೋ ಅನ್ನುವುದೇ ನಮ್ಮ ಚಿಂತೆ.